ಹಡಗಿನ ಕೆಲಸ ಬಿಟ್ಟು 37 ವರ್ಷಗಳ ಮೇಲೆ ಎಕ್ಸ್‌ರೇಯಲ್ಲಿ ಕಂಡ ಕಲ್ನಾರು

ಪ್ರಶ್ನೆ: ನನ್ನ ತಂದೆಗೆ 71 ವರ್ಷ. 1974ರಿಂದ 1988ರವರೆಗೆ ಮುಂಬೈಯಲ್ಲಿ ಹಡಗು ರಿಪೇರಿಯ ಒಂದು ವರ್ಕ್‌ಶಾಪಿನಲ್ಲಿ ಉಗಿ ಪೈಪುಗಳಿಗೆ ಲ್ಯಾಗಿಂಗ್, ಅಂದರೆ ಶಾಖ ತಡೆಯುವ ಹೊದಿಕೆ ಸುತ್ತುವ ಕೆಲಸ ಮಾಡುತ್ತಿದ್ದರು. ಆಮೇಲೆ ಕುಂದಾಪುರದ ಹತ್ತಿರ ನಮ್ಮೂರಿಗೆ ಬಂದು ದಿನಸಿ ಅಂಗಡಿ ಇಟ್ಟರು. ಹರ್ನಿಯಾ ಆಪರೇಷನ್ನಿಗೆ ಮುಂಚೆ ತೆಗೆದ ಎಕ್ಸ್‌ರೇ, ನಂತರದ ಸಿ.ಟಿ. ಸ್ಕ್ಯಾನಿನಲ್ಲಿ ಎರಡೂ ಕಡೆ ‘ಸುಣ್ಣಗಟ್ಟಿದ ಪ್ಲೂರಲ್ ಪ್ಲಾಕ್’ ಇದೆ ಎಂದು ವರದಿ ಬಂದಿದೆ. ಒಬ್ಬರು ಹಳೆಯ ಟಿಬಿ ಎಂದರು, ಇನ್ನೊಬ್ಬರು ಆಸ್ಬೆಸ್ಟಾಸ್ ಎಂದರು. ಅವರಿಗೆ ಕೆಮ್ಮಿಲ್ಲ, ದಮ್ಮಿಲ್ಲ. ದಿನಕ್ಕೆ ಒಂದು ಕಟ್ಟು ಬೀಡಿ ಮಾತ್ರ ಬಿಟ್ಟಿಲ್ಲ. ಇದು ಶ್ವಾಸಕೋಶದ ಪೊರೆಯ ಕ್ಯಾನ್ಸರಾದ ಮೀಸೋಥೀಲಿಯೋಮಾದ ಆರಂಭವೇ? ಕೆಲಸ ಬಿಟ್ಟು 37 ವರ್ಷವಾದ ಮೇಲೆ ಹೇಗೆ ಬಂತು? ಬಯಾಪ್ಸಿ ಮಾಡಿಸಬೇಕೇ? ಅಮ್ಮ ಏಳು ವರ್ಷ ಅಲ್ಲಿ ಚಾಳಿನಲ್ಲಿದ್ದು ಅವರ ಬಟ್ಟೆ ಒಗೆದವರು. ನಾನು ಹುಟ್ಟಿದ್ದೂ ಅಲ್ಲೇ. ನಮ್ಮ ಕೊಟ್ಟಿಗೆಗೂ ಆಸ್ಬೆಸ್ಟಾಸ್ ಶೀಟು ಇದೆ, ತೆಗೆಸಬೇಕೇ?

ಉತ್ತರ: ಸ್ಕ್ಯಾನಿನಲ್ಲಿ ಕಂಡಿರುವ ಪ್ಲಾಕ್ ಕ್ಯಾನ್ಸರ್ ಅಲ್ಲ. ಅದು ಮುಂದೆ ಕ್ಯಾನ್ಸರಾಗಿ ಮಾರ್ಪಡುವ ವಸ್ತುವೂ ಅಲ್ಲ. ಶ್ವಾಸಕೋಶವನ್ನು ಸುತ್ತಿರುವ ಎರಡು ತೆಳು ಪೊರೆಗಳಲ್ಲಿ ಒಳಗಿನದು ಶ್ವಾಸಕೋಶಕ್ಕೆ ಅಂಟಿಕೊಂಡಿರುತ್ತದೆ, ಹೊರಗಿನದು ಪಕ್ಕೆಲುಬುಗಳ ಒಳಮೈಗೆ ಅಂಟಿಕೊಂಡಿರುತ್ತದೆ. ಇವೆರಡನ್ನೂ ಸೇರಿಸಿ ಪ್ಲೂರಾ ಎನ್ನುತ್ತೇವೆ. ಪ್ಲಾಕ್ ಎಂದರೆ ಹೊರಗಿನ ಪೊರೆಯ ಮೇಲೆ ಅಲ್ಲಲ್ಲಿ ಕಟ್ಟಿಕೊಂಡ ಗಟ್ಟಿ ನಾರಿನ ತೇಪೆ. ಎದೆಯೊಳಗೆ ಕ್ಯಾಮೆರಾ ಇರುವ ನಳಿಕೆಯನ್ನು ಇಳಿಸಿ ನೋಡಿದಾಗ ಅದು ಬಲಿತ ತೆಂಗಿನಕಾಯಿಯ ತಿರುಳಿನಂತೆ ಬೆಳ್ಳಗೆ, ನುಣುಪಾಗಿ, ಅಂಚು ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಅದರಲ್ಲಿ ಜೀವಕೋಶಗಳೇ ಬಹುತೇಕ ಇರುವುದಿಲ್ಲ, ಬರೀ ನಾರು ಇರುತ್ತದೆ. ವರ್ಷಗಳು ಕಳೆದಂತೆ ಆ ನಾರಿನ ಮೇಲೆ ಸುಣ್ಣ ಕೂರುತ್ತದೆ, ಆಗ ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳುತ್ತದೆ. ನಿಮ್ಮ ತಂದೆಯವರ ತೇಪೆಗಳು ಕಳೆದ ತಿಂಗಳು ಹುಟ್ಟಿದವಲ್ಲ. ಪ್ರಾಯಶಃ ನೀವು ಶಾಲೆಗೆ ಹೋಗುತ್ತಿದ್ದಾಗಲೇ ಅವು ಅಲ್ಲಿದ್ದವು, ಎಕ್ಸ್‌ರೇ ತೆಗೆಯುವ ಸಂದರ್ಭ ಬಂದದ್ದು ಮಾತ್ರ ಈಗ.

ಹಳೆಯ ಟಿಬಿ ಎಂದು ಹೇಳಿದ ವೈದ್ಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ನಮ್ಮ ನಾಡಿನಲ್ಲಿ ಪ್ಲೂರಾದಲ್ಲಿ ಸುಣ್ಣ ಕಂಡರೆ ಮೊದಲು ನೆನಪಾಗಬೇಕಾದದ್ದು ಅದೇ. ಆದರೆ ಎರಡರ ಗುರುತು ಬೇರೆ. ಟಿಬಿಯ ಕಲೆ ಸಾಮಾನ್ಯವಾಗಿ ಒಂದೇ ಬದಿಯಲ್ಲಿರುತ್ತದೆ, ದಪ್ಪ ಹಾಳೆಯಂತೆ ಹರಡಿರುತ್ತದೆ, ಶ್ವಾಸಕೋಶವನ್ನು ಕುಗ್ಗಿಸಿರುತ್ತದೆ, ಪಕ್ಕೆಲುಬು ಮತ್ತು ವಪೆ ಸೇರುವ ಕೆಳಮೂಲೆಯನ್ನು ಮುಚ್ಚಿಬಿಟ್ಟಿರುತ್ತದೆ. ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ ತೇಪೆಗಳು ಎರಡೂ ಬದಿಯಲ್ಲಿ, ಎದೆಯ ಕೆಳ ಅರ್ಧದ ಹಿಂಬದಿ ಮತ್ತು ಪಕ್ಕಗಳಲ್ಲಿ, ವಪೆಯ ಗುಮ್ಮಟದ ಮೇಲೆ ಬಿಡಿಬಿಡಿಯಾಗಿ ಇರುತ್ತವೆ. ಆ ಮೂಲೆ ಮಾತ್ರ ಸ್ವಚ್ಛವಾಗಿ ಉಳಿದಿರುತ್ತದೆ. ಎರಡೂ ಬದಿಯ ತೇಪೆ, ಜೊತೆಗೆ ಹದಿನಾಲ್ಕು ವರ್ಷ ಲ್ಯಾಗಿಂಗ್ ಮಾಡಿದ ಚರಿತ್ರೆ. ಇವೆರಡೂ ಸೇರಿದ ಮೇಲೆ ಕಾರಣ ಕಲ್ನಾರು ಎನ್ನುವುದರಲ್ಲಿ ನನಗೆ ಹೆಚ್ಚಿನ ಸಂದೇಹವಿಲ್ಲ. ಸಿ.ಟಿ. ಫಿಲ್ಮನ್ನು ರೇಡಿಯಾಲಜಿಸ್ಟರ ಮುಂದಿಟ್ಟು ಆ ಮೂಲೆಯನ್ನೂ ಶ್ವಾಸಕೋಶದ ಒಳಭಾಗವನ್ನೂ ಒಮ್ಮೆ ನೋಡಿ ಹೇಳಿ ಎಂದು ಕೇಳಿದರೆ ಸಾಕು. ಇದಕ್ಕಾಗಿ ಬಯಾಪ್ಸಿ ಬೇಡ. ಸೂಜಿ ಹಾಕಿದರೆ ಸಿಗುವುದು ಬರೀ ನಾರು, ಅದಕ್ಕಾಗಿ ಶ್ವಾಸಕೋಶಕ್ಕೆ ತೂತು ಬೀಳುವ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಇನ್ನು ಆ 37 ವರ್ಷಗಳ ವಿಷಯ. ನನ್ನ ಬಳಿ ಬರುವ ಬಹುಪಾಲು ಜನ ‘ಬಿಟ್ಟು ಎಷ್ಟೋ ವರ್ಷವಾಯಿತಲ್ಲ’ ಎಂದೇ ಮಾತು ಆರಂಭಿಸುತ್ತಾರೆ. ಈ ಕಾಯಿಲೆಯಲ್ಲಿ ಬಿಟ್ಟ ದಿನದಿಂದ ಎಣಿಸುವುದಿಲ್ಲ, ಧೂಳು ಮೊದಲ ಸಲ ಒಳಗೆ ಹೋದ ದಿನದಿಂದ ಎಣಿಸಬೇಕು. ಆ ಲೆಕ್ಕದಲ್ಲಿ ನಿಮ್ಮ ತಂದೆಯವರಿಗೆ ಈಗ 51 ವರ್ಷ.

ಕಲ್ನಾರು ಎಂಬ ನಮ್ಮ ಮಾತಿನಲ್ಲೇ ಅದರ ಗುಣವಿದೆ: ಅದು ಕಲ್ಲು, ಆದರೆ ನಾರಿನಂತೆ ಸೀಳುತ್ತದೆ. ಸೀಳಿದ್ದನ್ನು ಮತ್ತೆ ಸೀಳಬಹುದು, ಹಾಗೆ ಸೀಳುತ್ತಾ ಹೋದರೆ ಕೊನೆಗೆ ಕಣ್ಣಿಗೆ ಕಾಣದ ಸೂಜಿಗಳು ಉಳಿಯುತ್ತವೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರೋಮೀಟರ್ ದಪ್ಪವಿದ್ದರೆ, ಉಸಿರಿನ ಜೊತೆ ತೀರಾ ಒಳಗೆ ಇಳಿಯುವ ಕಲ್ನಾರಿನ ಎಳೆ ಒಂದು ಮೈಕ್ರೋಮೀಟರಿಗಿಂತಲೂ ತೆಳು. ಗಾಳಿಯಲ್ಲಿ ಬಾಣದಂತೆ ಉದ್ದುದ್ದಕ್ಕೆ ಸಾಗುವುದರಿಂದ ಇಪ್ಪತ್ತು ಮೈಕ್ರೋಮೀಟರ್ ಉದ್ದದ ಎಳೆಯೂ ಗಾಳಿಗೂಡುಗಳವರೆಗೆ ತಲುಪುತ್ತದೆ. ಅಲ್ಲಿ ಕಸ ನುಂಗಿ ಶುಚಿಗೊಳಿಸುವ ಕೋಶಗಳಿವೆ. ಅವು ಒಂದು ದುಂಡು ಧೂಳುಕಣವನ್ನು ಸಲೀಸಾಗಿ ನುಂಗುತ್ತವೆ, ಆದರೆ ತಮ್ಮಷ್ಟೇ ಅಥವಾ ತಮಗಿಂತ ಉದ್ದವಾದ ಕಲ್ಲಿನ ಎಳೆಯನ್ನು ಅರ್ಧ ನುಂಗಿ ಅರ್ಧ ಹೊರಗೆ ಬಿಟ್ಟು ಒದ್ದಾಡುತ್ತವೆ. ಎಳೆಯನ್ನು ಕರಗಿಸಲು ಕೋಶ ಹೊರಸೂಸುವ ರಾಸಾಯನಿಕಗಳು ಕಲ್ಲನ್ನು ಮುಟ್ಟುವುದಿಲ್ಲ, ಪಕ್ಕದ ಮೃದು ಅಂಗಾಂಶವನ್ನು ಸುಡುತ್ತವೆ. ಕೊನೆಗೆ ಆ ಕೋಶವೇ ಸಾಯುತ್ತದೆ, ಎಳೆ ಹಾಗೇ ಉಳಿಯುತ್ತದೆ, ಇನ್ನೊಂದು ಕೋಶ ಬಂದು ಅದನ್ನೇ ಹಿಡಿಯುತ್ತದೆ. ಇದು ವರ್ಷಗಟ್ಟಲೆ ಹೀಗೇ ನಡೆಯುತ್ತದೆ.

ಶ್ವಾಸಕೋಶಕ್ಕೆ ಹೋದ ಎಳೆಗಳಿಂದ ಹೊರಪೊರೆ ಯಾಕೆ ಕೆಡಬೇಕು ಎನ್ನುವುದಕ್ಕೂ ಉತ್ತರವಿದೆ. ಎರಡು ಪೊರೆಗಳ ನಡುವೆ ಸದಾ ಸ್ವಲ್ಪ ದ್ರವ ಒಸರುತ್ತಾ ಇಂಗುತ್ತಾ ಇರುತ್ತದೆ. ಇಂಗುವ ದಾರಿ ಹೊರಪೊರೆಯಲ್ಲಿರುವ ಕೆಲವೇ ಮೈಕ್ರೋಮೀಟರ್ ಅಗಲದ ರಂಧ್ರಗಳು. ಶ್ವಾಸಕೋಶವನ್ನು ದಾಟಿ ಈ ದ್ರವಕ್ಕೆ ಸೇರಿದ ಎಳೆಗಳಲ್ಲಿ ಗಿಡ್ಡವು ರಂಧ್ರದ ಮೂಲಕ ಹೊರಟುಹೋಗುತ್ತವೆ, ಉದ್ದನೆಯವು ಬಚ್ಚಲಿನ ಜಾಲರಿಗೆ ಅಡ್ಡ ಕೂತ ಕಡ್ಡಿಯಂತೆ ಸಿಕ್ಕಿಕೊಳ್ಳುತ್ತವೆ. ಕಿರಿಕಿರಿ ಶುರುವಾಗುವುದು ಅಲ್ಲಿ. ಬಹಳ ಮಂದಿಯಲ್ಲಿ ದೇಹ ಅದರ ಸುತ್ತ ನಾರು ಹಾಸಿ ಸುಮ್ಮನಾಗುತ್ತದೆ, ಅದೇ ಪ್ಲಾಕ್. ಕೆಲವೇ ಮಂದಿಯಲ್ಲಿ ಪೊರೆಯ ಮೇಲ್ಪದರದ ಕೋಶಗಳೇ ಬದಲಾಗುತ್ತವೆ.

ಆ ಬದಲಾವಣೆ ಒಂದೇ ಏಟಿಗೆ ಆಗುವಂಥದ್ದಲ್ಲ. ಕೋಶ ಮನಬಂದಂತೆ ಹೆಚ್ಚದಂತೆ ತಡೆಯುವ ಹಲವು ಜೀನುಗಳು ನಮ್ಮಲ್ಲಿವೆ. ಮೀಸೋಥೀಲಿಯೋಮಾದಲ್ಲಿ ಮತ್ತೆ ಮತ್ತೆ ಕಳೆದುಹೋಗಿರುವುದು ಬಿಎಪಿ1, ಸಿಡಿಕೆಎನ್2ಎ, ಎನ್ಎಫ್2 ಎಂಬ ತಡೆಗಳು. ನಿರಂತರ ಉರಿಯೂತದ ನಡುವೆ, ಕೋಶಗಳು ಸಾಯುತ್ತಾ ಹೊಸದಾಗಿ ವಿಭಜನೆಯಾಗುತ್ತಾ ಇರುವಾಗ, ಯಾವುದೋ ಒಂದು ಕೋಶ ಮೊದಲ ತಡೆಯನ್ನು ಕಳೆದುಕೊಳ್ಳುತ್ತದೆ. ಅದರ ಸಂತಾನದಲ್ಲೇ ಇನ್ನೊಂದು ಕೋಶ, ಹತ್ತೋ ಹದಿನೈದೋ ವರ್ಷದ ಮೇಲೆ, ಎರಡನೆಯದನ್ನು ಕಳೆದುಕೊಳ್ಳಬೇಕು, ಆಮೇಲೆ ಮೂರನೆಯದನ್ನು. ಹೆಚ್ಚಿನ ಕೋಶಗಳು ಈ ದಾರಿಯಲ್ಲಿ ಎಲ್ಲೋ ಸತ್ತುಹೋಗುತ್ತವೆ, ಹಾಗಾಗಿಯೇ ಹೆಚ್ಚಿನವರಿಗೆ ಈ ರೋಗ ಬರುವುದೇ ಇಲ್ಲ. ಬಂದವರಲ್ಲಿ ಮೊದಲ ಧೂಳಿನಿಂದ ರೋಗದವರೆಗೆ ಸಾಮಾನ್ಯವಾಗಿ 20ರಿಂದ 50 ವರ್ಷಗಳ ಅಂತರ ಇರುತ್ತದೆ. ಗಡ್ಡೆ ಬೆಳೆಯಲು ತೊಡಗಿದ ಮೇಲಿನ ಅವಧಿ ಇದರಲ್ಲಿ ತೀರ ಚಿಕ್ಕದು. ‘ಹೋದ ದೀಪಾವಳಿಗೆ ಚೆನ್ನಾಗಿಯೇ ಇದ್ದರು’ ಎಂದು ಮನೆಯವರು ಹೇಳುವುದು ಸುಳ್ಳಲ್ಲ.

ಕಾಲದ ಈ ಪಾತ್ರವನ್ನು ಇಂಗ್ಲೆಂಡಿನ ಜೂಲಿಯನ್ ಪೀಟೋ ಮತ್ತು ಸಂಗಡಿಗರು 1982ರಲ್ಲಿ ಲೆಕ್ಕಕ್ಕೆ ತಂದರು. ಮೀಸೋಥೀಲಿಯೋಮಾದ ಅಪಾಯ ಎಷ್ಟು ಧೂಳು ಕುಡಿದೆವು ಎನ್ನುವುದರ ಜೊತೆಗೆ, ಮೊದಲ ದಿನದಿಂದ ಕಳೆದ ವರ್ಷಗಳ ಸುಮಾರು ಮೂರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಇಪ್ಪತ್ತು ವರ್ಷದಿಂದ ನಲವತ್ತು ವರ್ಷಕ್ಕೆ ಬಂದಾಗ ಕಾಲ ಎರಡರಷ್ಟಾಗಿದೆ, ಅಪಾಯ ಹೆಚ್ಚುಕಡಿಮೆ ಎಂಟರಷ್ಟಾಗಿದೆ. ಕೆಲಸ ಬಿಟ್ಟರೆ ಧೂಳು ಸೇರುವುದು ನಿಂತಿತು, ಒಳಗಿದ್ದದ್ದು ಹೋಗಲಿಲ್ಲ. ಬಿಳಿ ಕಲ್ನಾರು ದೇಹದಲ್ಲಿ ತುಂಡಾಗಿ ತಿಂಗಳುಗಳಲ್ಲಿ ಬಹುಪಾಲು ಕರಗುತ್ತದೆ. ನೀಲಿ ಮತ್ತು ಕಂದು ಕಲ್ನಾರು ದಶಕಗಟ್ಟಲೆ ಉಳಿಯುತ್ತವೆ. ನಿಮ್ಮ ತಂದೆ ದುಡಿದ ಕಾಲದ ಹಡಗುಗಳ ಲ್ಯಾಗಿಂಗಿನಲ್ಲಿ ಈ ಎರಡನೆಯ ಬಗೆಗಳೂ ಇರುತ್ತಿದ್ದವು. ಬಿಳಿಯದು ಕರಗುತ್ತದೆಂಬ ಕಾರಣಕ್ಕೆ ಅದು ನಿರಪಾಯ ಎಂಬ ವಾದವನ್ನು ನೀವು ಕೇಳಿರಬಹುದು. ಅದನ್ನು ಒಪ್ಪಬೇಡಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲೇ ಇಟ್ಟಿದೆ.

ಒಂದು ಇಡೀ ದೇಶದಲ್ಲೂ ಇದೇ ಅಂತರ ಕಾಣುತ್ತದೆ. ಬ್ರಿಟನ್ನಿನಲ್ಲಿ ಮೀಸೋಥೀಲಿಯೋಮಾದಿಂದ ಸತ್ತವರು 1968ರಲ್ಲಿ 153 ಮಂದಿ. ನೀಲಿ ಮತ್ತು ಕಂದು ಕಲ್ನಾರನ್ನು 1985ರಲ್ಲಿ, ಬಿಳಿಯದನ್ನು 1999ರಲ್ಲಿ ಅಲ್ಲಿ ನಿಷೇಧಿಸಿದರು. ಆದರೂ 2010ರ ದಶಕದಲ್ಲಿ ವರ್ಷಕ್ಕೆ ಸುಮಾರು 2,500 ಮಂದಿ ಇದೇ ರೋಗದಿಂದ ಸತ್ತರು. ಆ ಸಾವುಗಳ ಬಹುಪಾಲು ಕಾರಣ ನಿಷೇಧಕ್ಕೆ ಎಷ್ಟೋ ಮೊದಲೇ ಅವರ ಎದೆಯೊಳಗೆ ಸೇರಿತ್ತು.

ಹಾಗಾದರೆ ನಿಮ್ಮ ತಂದೆಯವರಿಗೆ ಅಪಾಯ ಎಷ್ಟು? ಪ್ಲಾಕ್ ಅಪಾಯದ ಕಾರಣವಲ್ಲ, ಧೂಳು ಒಳಹೋಗಿದೆ ಎನ್ನುವುದಕ್ಕೆ ಸಾಕ್ಷಿ. ಅಪಾಯ ಎಕ್ಸ್‌ರೇ ತೆಗೆಯುವ ಮುಂಚಿನ ದಿನ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಅಮೆರಿಕದ ವೈದ್ಯ ಅರ್ವಿಂಗ್ ಸೆಲಿಕಾಫ್ ಅಮೆರಿಕ ಮತ್ತು ಕೆನಡಾದ 17,800 ಇನ್ಸುಲೇಷನ್ ಕೆಲಸಗಾರರನ್ನು, ಅಂದರೆ ನಿಮ್ಮ ತಂದೆಯವರದೇ ಕಸುಬಿನವರನ್ನು, 1967ರಿಂದ 1976ರವರೆಗೆ ಗಮನಿಸಿದರು. ಆ ಅವಧಿಯಲ್ಲಿ ತೀರಿಹೋದವರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಮೀಸೋಥೀಲಿಯೋಮಾ ಇತ್ತು. ಇದು ಬಹಳ ದೊಡ್ಡ ಸಂಖ್ಯೆಯೇ, ಧೂಳು ಮುಟ್ಟದವರಲ್ಲಿ ಈ ರೋಗ ತೀರ ಅಪರೂಪ. ಆದರೂ ಅಷ್ಟು ಧೂಳಿನಲ್ಲಿ ಜೀವನ ಸವೆಸಿದವರಲ್ಲೂ ತೊಂಬತ್ತಕ್ಕೂ ಹೆಚ್ಚು ಮಂದಿ ಈ ರೋಗದಿಂದ ಸಾಯಲಿಲ್ಲ. ಅದೇ ಗುಂಪಿನಲ್ಲಿ ಶ್ವಾಸಕೋಶದ ಮಾಮೂಲಿ ಕ್ಯಾನ್ಸರಿನಿಂದ ಸತ್ತವರು ಐವರಲ್ಲಿ ಒಬ್ಬರು. ನೀವು ಮೀಸೋಥೀಲಿಯೋಮಾಕ್ಕೆ ಹೆದರಿದ್ದೀರಿ, ನನಗೆ ಹೆಚ್ಚು ಭಯವಿರುವುದು ಆ ಬೀಡಿಯ ಕಟ್ಟಿನ ಮೇಲೆ. ಮೀಸೋಥೀಲಿಯೋಮಾಕ್ಕೂ ಧೂಮಪಾನಕ್ಕೂ ಸಂಬಂಧವಿಲ್ಲ, ಆದರೆ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕಲ್ನಾರು ಮತ್ತು ಹೊಗೆಯ ಅಪಾಯಗಳು ಬರೀ ಕೂಡುವುದಿಲ್ಲ, ಒಂದನ್ನೊಂದು ಗುಣಿಸುತ್ತವೆ. ಸೆಲಿಕಾಫ್ ಮತ್ತು ಸಂಗಡಿಗರ 1979ರ ಲೆಕ್ಕದಲ್ಲಿ ಎರಡೂ ಇಲ್ಲದವರಿಗೆ ಹೋಲಿಸಿದರೆ ಕಲ್ನಾರು ಮಾತ್ರ ಇದ್ದವರಿಗೆ ಅಪಾಯ ಸುಮಾರು ಐದು ಪಟ್ಟು, ಧೂಮಪಾನ ಮಾತ್ರ ಇದ್ದವರಿಗೆ ಹನ್ನೊಂದು ಪಟ್ಟು, ಎರಡೂ ಇದ್ದವರಿಗೆ ಐವತ್ತಕ್ಕೂ ಹೆಚ್ಚು ಪಟ್ಟು. ಒಳಗಿರುವ ಕಲ್ಲನ್ನು ತೆಗೆಯುವ ಔಷಧಿಯಿಲ್ಲ. ಬೀಡಿಯನ್ನು ತೆಗೆಯಬಹುದು, ಎಪ್ಪತ್ತೊಂದರಲ್ಲಿ ಬಿಟ್ಟರೂ ಲಾಭವಿದೆ.

ಈಗ ಒಬ್ಬ ರೋಗಿಯ ವಿಷಯ ಹೇಳಬೇಕು, ಏಕೆಂದರೆ ನಿಮ್ಮ ತಂದೆಯವರಿಗೆ ನಾಳೆ ಏನಾದರೂ ಆದರೆ ತಪ್ಪು ಆಗುವುದು ಇಲ್ಲೇ. ಅರವತ್ತರ ನಡುವಿನ ಕರಾವಳಿಯವರೊಬ್ಬರು ಏರುದಾರಿ ಹತ್ತುವಾಗ ದಮ್ಮು ಬರುತ್ತದೆಂದು ಒಂದು ಆಸ್ಪತ್ರೆಗೆ ಹೋಗಿದ್ದರು. ಬಲ ಎದೆಯಲ್ಲಿ ನೀರು ತುಂಬಿತ್ತು. ಒಂದೂವರೆ ಲೀಟರು ತೆಗೆದರು. ನೀರಿನಲ್ಲಿ ಟಿಬಿಯಲ್ಲಿರುವಂತೆಯೇ ಲಿಂಫೋಸೈಟ್ ಕೋಶಗಳು ಹೆಚ್ಚಿದ್ದವು, ಟಿಬಿಗೆ ಸೂಚಕವಾದ ಎಡಿಎ ಎಂಬ ಪರೀಕ್ಷೆಯೂ ಗಡಿಗಿಂತ ತುಸು ಮೇಲಿತ್ತು, ಕ್ಯಾನ್ಸರ್ ಕೋಶ ಸಿಗಲಿಲ್ಲ. ಟಿಬಿ ಮಾತ್ರೆ ಆರಂಭಿಸಿದರು. ನಮ್ಮ ದೇಶದಲ್ಲಿ ಅದು ದುಡುಕಿನ ತೀರ್ಮಾನವಲ್ಲ, ನಾನಿದ್ದರೂ ಅದನ್ನೇ ಮೊದಲು ಯೋಚಿಸುತ್ತಿದ್ದೆ. ತಪ್ಪಾದದ್ದು ಆಮೇಲೆ. ಎರಡು ತಿಂಗಳಲ್ಲಿ ಅದೇ ಬದಿಯಲ್ಲಿ ನೀರು ಮತ್ತೆ ತುಂಬಿತು, ಮತ್ತೆ ತೆಗೆದು ಅದೇ ಮಾತ್ರೆ ಮುಂದುವರಿಸಿದರು. ಆರು ತಿಂಗಳ ಕೋರ್ಸ್ ಮುಗಿಯುವಾಗ ಅವರ ತೂಕ ಎಂಟು ಕಿಲೋ ಇಳಿದಿತ್ತು. ಬಲ ಭುಜದ ಹಲಗೆಯ ಕೆಳಗೆ ಒಂದು ಮಂದವಾದ ನೋವು ರಾತ್ರಿ ಮಲಗಲು ಬಿಡುತ್ತಿರಲಿಲ್ಲ.

ನನ್ನ ಬಳಿ ಬಂದಾಗ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದೆ. ‘ಹೋಟೆಲು’ ಎಂದರು. ಹಳೆಯ ಫೈಲಿನಲ್ಲೂ ಅದೇ ಬರೆದಿತ್ತು. ಅದಕ್ಕೂ ಮೊದಲು ಎಂದು ಕೇಳಿದೆ, ಅದೂ ಹೋಟೆಲೇ. ಮೀಸೆ ಮೂಡುವ ಮುಂಚೆ ಊರು ಬಿಟ್ಟು ಹೋದಿರಲ್ಲ, ಹೋದ ಕೂಡಲೇ ಮಾಡಿದ ಮೊದಲ ಕೆಲಸ ಯಾವುದು ಎಂದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಅದು ನಾಲ್ಕೇ ವರ್ಷ ಡಾಕ್ಟ್ರೇ, ಬಾಯ್ಲರಿಗೆ ಮಡ್ಡಿ ಮೆತ್ತುವುದು’ ಎಂದರು. ಚೀಲದಿಂದ ಬಿಳಿ ಪುಡಿ ಸುರಿದು, ನೀರು ಹಾಕಿ ರೊಟ್ಟಿಯ ಹಿಟ್ಟಿನಂತೆ ಕೈಯಲ್ಲೇ ಕಲಸುವುದು. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಅದೇ ಖಾಲಿ ಚೀಲಗಳನ್ನು ಕೊಡವಿ ಹಾಸಿಕೊಂಡು ಮಲಗುವುದು. ಆ ನಾಲ್ಕು ವರ್ಷ ಅವರ ನೆನಪಿನಲ್ಲಿ ಕೆಲಸ ಎಂಬ ಲೆಕ್ಕಕ್ಕೇ ಬಂದಿರಲಿಲ್ಲ. ಥೊರಾಕೋಸ್ಕೋಪಿ ಮಾಡಿದೆವು, ಅಂದರೆ ಪಕ್ಕೆಲುಬುಗಳ ನಡುವೆ ಒಂದು ಸಣ್ಣ ಗಾಯ ಮಾಡಿ ಕ್ಯಾಮೆರಾ ಇಳಿಸಿ ಪೊರೆಯನ್ನೇ ನೋಡುವುದು. ಹೊರಪೊರೆಯ ತುಂಬ ದ್ರಾಕ್ಷಿಗೊಂಚಲಿನಂತಹ ಗಂಟುಗಳಿದ್ದವು, ಅವುಗಳ ನಡುವೆ ಅಲ್ಲಲ್ಲಿ ಹಳೆಯ ಬಿಳಿ ತೇಪೆಗಳೂ ಕಂಡವು. ಅಲ್ಲಿಂದ ತೆಗೆದ ತುಣುಕಿನ ವರದಿ ಎಪಿಥೀಲಿಯಾಯ್ಡ್ ಬಗೆಯ ಮೀಸೋಥೀಲಿಯೋಮಾ ಎಂದು ಬಂತು. ಅವರು ಅಲ್ಲಿಂದ ಮುಂದೆ ಹದಿನಾರು ತಿಂಗಳು ಬದುಕಿದರು. ಆರು ತಿಂಗಳು ಮುಂಚೆ ಗೊತ್ತಾಗಿದ್ದರೆ ಗುಣವಾಗುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಮತ್ತೆ ಮತ್ತೆ ಸೂಜಿ ಚುಚ್ಚಿಸಿಕೊಂಡ ನೋವು ತಪ್ಪುತ್ತಿತ್ತು, ಬೇಡದ ಮಾತ್ರೆಗಳಿಂದ ಹೋದ ಹಸಿವು, ಚೆನ್ನಾಗಿ ನಡೆದಾಡಲು ಸಾಧ್ಯವಿದ್ದ ತಿಂಗಳುಗಳು ಅವರಿಗೆ ಉಳಿಯುತ್ತಿದ್ದವು.

ಈ ರೋಗಕ್ಕೂ ಕಲ್ನಾರಿಗೂ ಇರುವ ನಂಟು ಪತ್ತೆಯಾದದ್ದೂ ಹೀಗೆಯೇ, ಟಿಬಿ ಆಸ್ಪತ್ರೆಯಲ್ಲಿ. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ಕ್ಷಯ ರೋಗಿಗಳನ್ನು ನೋಡುತ್ತಿದ್ದ ಕ್ರಿಸ್ಟೋಫರ್ ಸ್ಲೆಗ್ಸ್ ಎಂಬ ವೈದ್ಯರು, ಎದೆಯಲ್ಲಿ ನೀರು ತುಂಬಿದ ಕೆಲವರು ಟಿಬಿ ಔಷಧಿಗೆ ಬಗ್ಗುವುದಿಲ್ಲ ಮತ್ತು ಅಂಥವರು ಪಶ್ಚಿಮದ ಕಡೆಯಿಂದ, ನೀಲಿ ಕಲ್ನಾರಿನ ಗಣಿಗಳಿರುವ ಗುಡ್ಡಗಳ ಸೀಮೆಯಿಂದ, ಬರುತ್ತಾರೆ ಎಂಬುದನ್ನು ಗಮನಿಸಿದರು. ಅವರು, ಕ್ರಿಸ್ ವ್ಯಾಗ್ನರ್ ಮತ್ತು ಮಾರ್ಚಂಡ್ ಸೇರಿ 1960ರಲ್ಲಿ 33 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಎಷ್ಟೋ ಮಂದಿ ಗಣಿಯಲ್ಲಿ ಕೆಲಸವನ್ನೇ ಮಾಡಿರಲಿಲ್ಲ, ಬಾಲ್ಯದಲ್ಲಿ ಆ ಗಣಿಗಳ ಆಸುಪಾಸಿನಲ್ಲಿ ಬೆಳೆದವರಾಗಿದ್ದರು.

ಆದ್ದರಿಂದ ನಿಮ್ಮ ತಂದೆಯವರ ವಿಷಯದಲ್ಲಿ ನನ್ನ ಸಲಹೆ ಇಷ್ಟು. ಹರ್ನಿಯಾ ಆಪರೇಷನ್ನನ್ನು ಪ್ಲಾಕ್‌ಗಾಗಿ ಮುಂದೂಡಬೇಕಾಗಿಲ್ಲ. ಅದಕ್ಕೂ ಮೊದಲು ಊದಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಒಮ್ಮೆ ಆಗಲಿ. ಬೀಡಿಯ ಪರಿಣಾಮ ಎಷ್ಟಿದೆ ಎಂದು ಅರಿವಳಿಕೆ ವೈದ್ಯರಿಗೂ ಬೇಕು, ಮುಂದೆ ಹೋಲಿಸಲು ನಮಗೂ ಬೇಕು. ಬೆನ್ನಿನ ಕೆಳಭಾಗದಲ್ಲಿ ಸ್ಟೆತಾಸ್ಕೋಪ್ ಇಟ್ಟಾಗ ವೆಲ್ಕ್ರೋ ಬಿಚ್ಚಿದಂತೆ ಚರಚರ ಸದ್ದು ಬಂದರೆ, ಅಥವಾ ಸಿ.ಟಿ.ಯಲ್ಲಿ ಶ್ವಾಸಕೋಶವೇ ನಾರುಗಟ್ಟಿದ್ದರೆ, ಅದು ಆಸ್ಬೆಸ್ಟೋಸಿಸ್ ಎಂಬ ಬೇರೆ ಕಾಯಿಲೆ, ಅದಕ್ಕೆ ನಿಯಮಿತ ತಪಾಸಣೆ ಬೇಕು. ಅವೆರಡೂ ಇಲ್ಲದಿದ್ದರೆ ಪ್ಲಾಕ್ ನೋಡುವುದಕ್ಕೆಂದೇ ಆರಾರು ತಿಂಗಳಿಗೆ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ, ಮೀಸೋಥೀಲಿಯೋಮಾವನ್ನು ಹೀಗೆ ಹುಡುಕಿ ಮುಂಚಿತವಾಗಿ ಹಿಡಿದು ಜೀವ ಉಳಿಸಬಹುದು ಎಂದು ಈವರೆಗೆ ಯಾವ ಪರೀಕ್ಷೆಯಿಂದಲೂ ಸಾಬೀತಾಗಿಲ್ಲ. ಶ್ವಾಸಕೋಶದ ಕ್ಯಾನ್ಸರಿನ ಮಾತು ಬೇರೆ. ಅಷ್ಟು ವರ್ಷ ಬೀಡಿ ಸೇದಿದವರಿಗೆ ಕಡಿಮೆ ವಿಕಿರಣದ ಸಿ.ಟಿ.ಯನ್ನು ವರ್ಷಕ್ಕೊಮ್ಮೆ ಮಾಡುವ ಬಗ್ಗೆ ನಿಮ್ಮ ವೈದ್ಯರೊಡನೆ ಚರ್ಚಿಸಬಹುದು. ಹಳೆಯ ಟಿಬಿಯ ಗಂಟುಗಳು ಸಾಮಾನ್ಯವಾಗಿರುವ ನಮ್ಮಲ್ಲಿ ಇದರಿಂದ ಸುಳ್ಳು ಗಾಬರಿ, ಬೇಡದ ಬಯಾಪ್ಸಿ ಆಗುವುದೂ ಉಂಟು. ಅದನ್ನು ತಿಳಿದೇ ಒಪ್ಪಬೇಕು.

ನೀವು ಕಣ್ಣಿಡಬೇಕಾದ ಸೂಚನೆಗಳು ಕೆಲವೇ. ಹೊಸದಾಗಿ ಶುರುವಾಗಿ ವಾರಗಳಲ್ಲಿ ಹೆಚ್ಚುವ ದಮ್ಮು, ಎದೆಯ ಒಂದೇ ಬದಿಯಲ್ಲಿ ಬಿಡದೆ ಕಾಡುವ ಮಂದ ನೋವು, ಕಾರಣವಿಲ್ಲದೆ ಇಳಿಯುವ ತೂಕ, ಕಫದಲ್ಲಿ ರಕ್ತ. ಒಂದು ಬದಿ ನೀರು ತುಂಬಿತೆಂದಾದರೆ ಮೊದಲ ಸಲದ ಪರೀಕ್ಷೆಯಲ್ಲಿ ಕ್ಯಾನ್ಸರ್ ಕೋಶ ಸಿಗಲಿಲ್ಲವೆಂದು ನಿರಾಳವಾಗಬೇಡಿ, ಮೀಸೋಥೀಲಿಯೋಮಾ ಇರುವವರಲ್ಲೂ ಬರೀ ನೀರಿನಿಂದ ಅದು ಗೊತ್ತಾಗುವುದು ಅರ್ಧಕ್ಕಿಂತ ಕಡಿಮೆ ಮಂದಿಯಲ್ಲಿ. ಥೊರಾಕೋಸ್ಕೋಪಿಯಲ್ಲಿ ತುಣುಕು ತೆಗೆದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಉತ್ತರ ಸಿಗುತ್ತದೆ. ಕಲ್ನಾರಿನ ಚರಿತ್ರೆಯಿರುವವರಿಗೆ, ಟಿಬಿ ಎಂದು ತುಣುಕಿನಿಂದ ಅಥವಾ ಕ್ರಿಮಿ ಪತ್ತೆಯಿಂದ ದೃಢವಾಗದೆ ಆರು ತಿಂಗಳ ಮಾತ್ರೆಗೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನೀರು ಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದೂ ಅಲ್ಲ, ಕಲ್ನಾರಿನಿಂದಲೇ ಬರುವ, ತಾನಾಗಿ ಇಂಗುವ ನೀರೂ ಇದೆ. ಎರಡನ್ನೂ ಬೇರ್ಪಡಿಸುವುದೇ ಆ ತುಣುಕಿನ ಕೆಲಸ.

ಮೀಸೋಥೀಲಿಯೋಮಾ ಎಂದೇ ಆದರೆ ಇಂದಿಗೂ ಗುಣಪಡಿಸುವ ಚಿಕಿತ್ಸೆ ಇಲ್ಲ, ಇದನ್ನು ಮುಚ್ಚಿಡುವುದು ಸರಿಯಲ್ಲ. ಪೆಮೆಟ್ರೆಕ್ಸೆಡ್ ಮತ್ತು ಪ್ಲಾಟಿನಂ ಔಷಧಿಗಳ ಕೀಮೋಥೆರಪಿ, ಇತ್ತೀಚೆಗೆ ಎರಡು ಇಮ್ಯುನೋಥೆರಪಿ ಔಷಧಿಗಳ ಜೋಡಿ ಆಯುಷ್ಯವನ್ನು ತಿಂಗಳುಗಳ ಲೆಕ್ಕದಲ್ಲಿ ಹೆಚ್ಚಿಸುತ್ತವೆ. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ ಕೀಮೋಥೆರಪಿಯಲ್ಲಿ ಸುಮಾರು 14 ತಿಂಗಳು, ಇಮ್ಯುನೋಥೆರಪಿಯಲ್ಲಿ 18 ತಿಂಗಳು. ಪೊರೆಯನ್ನೇ ಸುಲಿದು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಯಾರಾದರೂ ಹೇಳಿದರೆ ಎರಡನೆಯ ಅಭಿಪ್ರಾಯ ಕೇಳಿ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಅದನ್ನು ಸೇರಿಸಿದ್ದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು ಕಂಡಿತು. ನೀರು ಮತ್ತೆ ತುಂಬದಂತೆ ಟಾಲ್ಕ್ ಪುಡಿಯಿಂದ ಪೊರೆಗಳನ್ನು ಅಂಟಿಸುವುದು, ನೋವಿಗೆ ತಕ್ಕಷ್ಟು ಮಾರ್ಫಿನ್ ಕೊಡುವುದು ಸಣ್ಣ ಚಿಕಿತ್ಸೆಗಳೆನಿಸಿದರೂ ರೋಗಿಗೆ ದಿನದಿನಕ್ಕೂ ಅನುಭವಕ್ಕೆ ಬರುವ ಉಪಕಾರ ಅವುಗಳಿಂದಲೇ.

ನಿಮ್ಮ ತಾಯಿಯವರ ಬಗ್ಗೆ ನೀವು ಕೇಳಿದ್ದು ಸರಿಯಾಗಿಯೇ ಇದೆ. 1965ರಲ್ಲಿ ಲಂಡನ್ನಿನಲ್ಲಿ ಮೀಸೋಥೀಲಿಯೋಮಾದ 76 ರೋಗಿಗಳನ್ನು ಪರಿಶೀಲಿಸಿದಾಗ 9 ಮಂದಿಗೆ ಇದ್ದ ಒಂದೇ ಸಂಪರ್ಕವೆಂದರೆ ಮನೆಯಲ್ಲಿ ಕಲ್ನಾರಿನ ಕೆಲಸಗಾರರೊಬ್ಬರು ಇದ್ದದ್ದು, ಹೆಚ್ಚಾಗಿ ಗಂಡನ ಕೆಲಸದ ಬಟ್ಟೆ ಒಗೆದದ್ದು. ಆದರೆ ಅಂಗಿಯಲ್ಲಿ ಮನೆಗೆ ಬಂದ ಧೂಳು ಹಡಗಿನ ಎಂಜಿನ್ ಕೋಣೆಯ ಧೂಳಿನ ಒಂದು ಚೂರು ಮಾತ್ರ. ಅಪಾಯ ಶೂನ್ಯವಲ್ಲ, ಬಹಳ ಕಡಿಮೆ. ನಿಮಗೂ ಅದೇ ಮಾತು, ನಿಮ್ಮ ಎಣಿಕೆ ತೊಟ್ಟಿಲಿನಿಂದಲೇ ಆರಂಭವಾಗಿದೆ ಎಂಬುದಷ್ಟೇ ವ್ಯತ್ಯಾಸ. ತೊಂದರೆ ಏನೂ ಇಲ್ಲದಿದ್ದರೆ ನಿಮ್ಮಿಬ್ಬರಿಗೂ ಪರೀಕ್ಷೆ ಬೇಡ. ಎದೆಗೆ ಸಂಬಂಧಿಸಿದ ಕಾಯಿಲೆಗೆ ಯಾವ ವೈದ್ಯರನ್ನು ಕಂಡರೂ ಈ ಸಂಗತಿಯನ್ನು ನೀವಾಗಿಯೇ ಹೇಳಿ, ಅವರು ಕೇಳಲಾರರು.

ಕೊಟ್ಟಿಗೆಯ ಶೀಟು ಹೆಚ್ಚಿನ ಪಾಲು ಸಿಮೆಂಟು, ಸುಮಾರು ಹತ್ತನೆಯ ಒಂದು ಭಾಗ ಬಿಳಿ ಕಲ್ನಾರು. ಎಳೆಗಳು ಸಿಮೆಂಟಿನಲ್ಲಿ ಹೂತಿರುವಾಗ, ಶೀಟು ಒಡೆಯದೆ ಇರುವಾಗ, ಅದರ ಕೆಳಗೆ ದನ ಕಟ್ಟಿ ಹಾಲು ಕರೆಯುವುದರಿಂದ ಭಯಪಡುವಂಥದ್ದಿಲ್ಲ. ಅಪಾಯವಿರುವುದು ಕತ್ತರಿಸುವಾಗ, ತೂತು ಕೊರೆಯುವಾಗ, ಪಾಚಿ ತೆಗೆಯಲು ಒಣಗಿದ ಶೀಟನ್ನು ಬ್ರಷ್ಷಿನಿಂದ ಉಜ್ಜುವಾಗ. ಹಾಗಾಗಿ ಗಾಬರಿಯಲ್ಲಿ ಒಡೆದು ಕೆಡವಿಸಿದರೆ ಇದ್ದಲ್ಲೇ ಬಿಟ್ಟದ್ದಕ್ಕಿಂತ ಎಷ್ಟೋ ಹೆಚ್ಚು ಧೂಳು ಏಳುತ್ತದೆ. ಅಂಚು ಪುಡಿಯಾಗುತ್ತಿದ್ದರೆ ಮಾತ್ರ ಬದಲಾಯಿಸಿ. ಶೀಟನ್ನು ಚೆನ್ನಾಗಿ ನೀರಿನಲ್ಲಿ ತೋಯಿಸಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಲಿ. ಇಳಿಸುವವರು ಮೂಗಿಗೆ ಟವೆಲು ಕಟ್ಟಿದರೆ ಸಾಲದು, ಅತಿ ಸೂಕ್ಷ್ಮ ಎಳೆಗಳನ್ನು ತಡೆಯುವ ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯ ಮಾಸ್ಕ್ ಬೇಕು. ತುಂಡುಗಳನ್ನು ದಾರಿಗೆ ಹಾಸಲು, ತೋಟದ ಮಣ್ಣಿಗೆ ಸೇರಿಸಲು ಬಿಡಬೇಡಿ.

ಕೊನೆಯದಾಗಿ ಒಂದು ಕೆಲಸ, ಅದನ್ನು ಈ ವಾರವೇ ಮಾಡಿ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಲ್ನಾರಿನ ಕಾರ್ಖಾನೆಗಳ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಸೇರಿದ ದಿನದಿಂದ ಕನಿಷ್ಠ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದಿದೆ. ನಿಮ್ಮ ತಂದೆಯವರು ಕೆಲಸ ಬಿಟ್ಟದ್ದು ಅದಕ್ಕೂ ಏಳು ವರ್ಷ ಮುಂಚೆ, ಅಂಥ ದಾಖಲೆ ಸಿಗುವ ಸಾಧ್ಯತೆ ಕಡಿಮೆ. ಆದ್ದರಿಂದ ಅವರ ಪಕ್ಕದಲ್ಲಿ ಕುಳಿತು ಅವರ ಮಾತಿನಲ್ಲೇ ಬರೆದಿಡಿ: ಯಾವ ವರ್ಷ ಸೇರಿದರು, ಯಾವ ಬಗೆಯ ಹಡಗುಗಳು, ಹಳೆಯ ಲ್ಯಾಗಿಂಗನ್ನು ಕಿತ್ತು ತೆಗೆಯುತ್ತಿದ್ದರೇ ಅಥವಾ ಹೊಸದನ್ನು ಸುತ್ತುತ್ತಿದ್ದರೇ, ಹಗ್ಗವೇ, ಬಟ್ಟೆಯೇ, ಪುಡಿಯೇ, ಮುಚ್ಚಿದ ಕೋಣೆಯೇ, ಜೊತೆಯಲ್ಲಿ ಇದ್ದವರು ಯಾರು. ಹಳೆಯ ಇಎಸ್‌ಐ ಚೀಟಿ, ಭವಿಷ್ಯನಿಧಿಯ ಕಾಗದ, ಗೇಟ್ ಪಾಸು ಏನು ಸಿಕ್ಕರೂ ಅದರ ಜೊತೆ ಇಡಿ. ಮುಂದೆ ಪರಿಹಾರ ಕೇಳಬೇಕಾಗಿ ಬಂದರೆ ಬೇಕಾಗುವುದು ಅದೇ. ಅದರ ಒಂದು ಪ್ರತಿಯನ್ನು ಈ ಸಿ.ಟಿ. ಫಿಲ್ಮಿನ ಲಕೋಟೆಯೊಳಗೇ ಹಾಕಿ, ಮುಂದೆ ಅವರ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿಯುವ ವೈದ್ಯರ ಕೈಗೆ ಆ ಹಾಳೆಯೂ ಸಿಗುತ್ತದೆ.